ಪೀಣ್ಯದ ವಿಸ್ತರಣೆಗೆ 13 ಪರ್ಸೆಂಟ್ ಬಂದದ್ದು ಹೇಗೆ

ಬ್ಯಾಂಕು 10 ಪರ್ಸೆಂಟಿಗೆ ಸಾಲ ಕೊಡುತ್ತದೆ, ಹಾಗಾಗಿ ಹೊಸ ಮಷಿನ್ 10ಕ್ಕಿಂತ ಜಾಸ್ತಿ ದುಡಿದರೆ ಸಾಕು ಎನ್ನುವ ಲೆಕ್ಕ ತಪ್ಪು. ಮಾಲೀಕರ ಬಂಡವಾಳ ಅಡಿಯಲ್ಲಿ ಇರುವುದರಿಂದಲೇ ಬ್ಯಾಂಕು ಆ ದರಕ್ಕೆ ಸಾಲ ಕೊಡುವುದು. ಆ ಬಂಡವಾಳಕ್ಕೂ ಬೆಲೆ ಇದೆ. ಸಾಲ, ಬಂಡವಾಳ ಎರಡರ ಬೆಲೆಯನ್ನೂ ಅವುಗಳ ಪಾಲಿನ ಪ್ರಕಾರ ಸೇರಿಸಿದ ಸರಾಸರಿ ದರವೇ WACC, ಹೊಸ ಮಷಿನ್ ದುಡಿಯಬೇಕಾದದ್ದು ಅದಕ್ಕಿಂತ ಜಾಸ್ತಿ.

ಪೀಣ್ಯದ ಒಂದು ಸಿಎನ್‌ಸಿ ಯೂನಿಟ್ಟಿನ 5 ಕೋಟಿಯ ವಿಸ್ತರಣೆಗೆ ನಾನು ಲೆಕ್ಕ ಹಾಕಿದ್ದು ಹೀಗೆ. ಬ್ಯಾಲೆನ್ಸ್ ಶೀಟಿನಲ್ಲಿ ಸಾಲ 6 ಕೋಟಿ, ನೆಟ್‌ವರ್ತ್ 3 ಕೋಟಿ. ಈ ಅನುಪಾತವನ್ನು ನಾನು ಬಳಸಲಿಲ್ಲ, ಏಕೆಂದರೆ ನೆಟ್‌ವರ್ತ್ ಹಳೆಯ ಖರೀದಿ ಬೆಲೆಗಳ ಮೇಲೆ ನಿಂತ ಲೆಕ್ಕ, ಇಂದಿನ ಬೆಲೆಯಲ್ಲ. ಬಡ್ಡಿ, ತೆರಿಗೆ, ಸವಕಳಿಗೆ ಮುಂಚಿನ ವಾರ್ಷಿಕ ಲಾಭ 2.5 ಕೋಟಿ. ಅದರ 6 ಪಟ್ಟನ್ನು ಇಡೀ ಕಂಪನಿಯ ಬೆಲೆ ಎಂದು ಹಿಡಿದರೆ 15 ಕೋಟಿ, ಸಾಲ ಕಳೆದರೆ ಮಾಲೀಕರಿಗೆ ಉಳಿಯುವುದು 9. ಹಾಗಾಗಿ ಸಾಲ 40, ಈಕ್ವಿಟಿ 60.

ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಮಾರುಕಟ್ಟೆಯಲ್ಲಿ ಷೇರು ಬೆಲೆ ಇಲ್ಲ, ಆದ್ದರಿಂದ ಮಾರುಕಟ್ಟೆಯ ಜೊತೆ ಷೇರು ಎಷ್ಟು ಏರಿಳಿಯುತ್ತದೆ ಎಂದು ಅಳೆಯುವ ಬೀಟಾವೂ ಇಲ್ಲ. ಲಿಸ್ಟ್ ಆಗಿರುವ ಆಟೋ ಬಿಡಿಭಾಗ ಕಂಪನಿಗಳ ಬೀಟಾದಿಂದ ಅವುಗಳ ಸಾಲದ ಪ್ರಭಾವ ತೆಗೆದು ನಡುವಿನ ಬೆಲೆ 0.9 ಹಿಡಿದೆ. ಆಮೇಲೆ ನಮ್ಮ ಸಾಲದ ಪ್ರಮಾಣವನ್ನು ಸೇರಿಸಿದೆ. ತೆರಿಗೆ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 115BAA ಪ್ರಕಾರ 25.17, ಸರ್ಕಾರಿ ಬಾಂಡ್ 7, ಮಾರುಕಟ್ಟೆ ರಿಸ್ಕಿಗೆ ಹೆಚ್ಚುವರಿ 7 ಎಂದು ಇಟ್ಟುಕೊಂಡೆ. ಕೆಳಗೆ Ke ಎಂದರೆ ಈಕ್ವಿಟಿಯ ಬೆಲೆ, Kd ಎಂದರೆ ತೆರಿಗೆ ಉಳಿತಾಯ ಕಳೆದ ಸಾಲದ ಬೆಲೆ.

```
beta = 0.9 × (1 + 0.7483 × 40/60) = 1.35
Ke   = 7 + 1.35 × 7 = 16.45
Kd   = 10 × 0.7483 = 7.48
WACC = 0.6 × 16.45 + 0.4 × 7.48 = 12.86
```

ಇದನ್ನು 13 ಮಾಡಿಕೊಂಡೆ. ಇದೇ ದರಗಳಿಗೆ ಬ್ಯಾಲೆನ್ಸ್ ಶೀಟಿನ ಅನುಪಾತ ಹಾಕಿದ್ದರೆ 10.5 ಬರುತ್ತಿತ್ತು.

ಈ ಎರಡೂವರೆ ಪರ್ಸೆಂಟ್ ಎಷ್ಟು ದೊಡ್ಡದೆಂದು ಪ್ರಾಜೆಕ್ಟಿಗೆ ಹಚ್ಚಿದಾಗ ಗೊತ್ತಾಗುತ್ತದೆ. ತೆರಿಗೆ ಕಳೆದು ವರ್ಷಕ್ಕೆ 1.1 ಕೋಟಿಯಂತೆ 7 ವರ್ಷ ಹಣ ಬರುತ್ತದೆ ಎನ್ನಿ. ಅದನ್ನು ಇಂದಿನ ಬೆಲೆಗೆ ಇಳಿಸಿ ಹಾಕಿದ 5 ಕೋಟಿ ಕಳೆದರೆ, 10.5ರಲ್ಲಿ 27 ಲಕ್ಷ ಉಳಿತಾಯ, 13ರಲ್ಲಿ ಸುಮಾರು 13.5 ಲಕ್ಷ ನಷ್ಟ. ಈ 1.1 ಕೋಟಿಯಲ್ಲಿ ಬಡ್ಡಿ ಕಳೆದಿರಬಾರದು, ಅದು ಆಗಲೇ ದರದೊಳಗೆ ಬಂದಿದೆ. ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟಿನ ಲಾಭವನ್ನು ಹಾಗೇ ಎತ್ತಿಕೊಂಡರೆ ಬಡ್ಡಿ ಎರಡು ಸಲ ಕಳೆದಂತಾಗುತ್ತದೆ.

ಅಷ್ಟಕ್ಕೇ ಕೈಬಿಡುವ ಹಾಗೂ ಇರಲಿಲ್ಲ. 5 ಕೋಟಿಯಲ್ಲಿ 60 ಲಕ್ಷ ವರ್ಕಿಂಗ್ ಕ್ಯಾಪಿಟಲ್, ಏಳನೇ ವರ್ಷದ ಕೊನೆಗೆ ವಾಪಸ್ ಬರುವ ದುಡ್ಡು. ಅದರ ಇಂದಿನ ಬೆಲೆ 25.5 ಲಕ್ಷ. ಅದನ್ನು ಸೇರಿಸಿದರೆ ನಷ್ಟ ಹೋಗಿ 12 ಲಕ್ಷ ಉಳಿಯುತ್ತದೆ. ಆದರೆ ನಷ್ಟ ತಪ್ಪಬೇಕಾದರೆ ಆ 60ರಲ್ಲಿ ಕನಿಷ್ಠ 32 ಲಕ್ಷ ಕೈಗೆ ಬರಲೇಬೇಕು. ಹಾಗಾಗಿ ದರದ ದಶಮಾಂಶ ತಿದ್ದುವುದನ್ನು ಬಿಟ್ಟು, 90 ದಿನ ದಾಟಿದ ಬಾಕಿ ಬಿಲ್ಲುಗಳನ್ನೂ ಯಾರೂ ಕೊಳ್ಳದೆ ಉಳಿದ ಸ್ಟಾಕನ್ನೂ ಒಂದೊಂದಾಗಿ ನೋಡಲು ಕೂತೆ.