ಐಸ್ ಪ್ಲಾಂಟ್ ಹಾಕುವ ಮುನ್ನ ಡಿಸ್ಕೌಂಟ್ ದರ ಹೀಗೆ ಲೆಕ್ಕ ಹಾಕಿ

ಮುಂದೆ ಬರುವ ದುಡ್ಡಿನ ಇಂದಿನ ಬೆಲೆ ಎಷ್ಟು ಅಂತ ಲೆಕ್ಕ ಹಾಕಲು ಬಳಸುವ ದರವೇ ಡಿಸ್ಕೌಂಟ್ ದರ. ಪ್ರಾಜೆಕ್ಟ್ ರಿಪೋರ್ಟ್ ಬರೆಸುವಾಗ ಎಷ್ಟೋ ಜನ ಬ್ಯಾಂಕಿನ ಬಡ್ಡಿಯನ್ನೇ ಡಿಸ್ಕೌಂಟ್ ದರ ಅಂತ ಹಾಕಿಬಿಡುತ್ತಾರೆ. ಸಾಲಕ್ಕೆ ಬಡ್ಡಿ ಉಂಟು, ಸ್ವಂತ ದುಡ್ಡು ಪುಕ್ಕಟೆ ಅಂತ ಅವರ ಲೆಕ್ಕ. ತಪ್ಪುವುದು ಇಲ್ಲೇ.

ಕಾರವಾರದ ಬೈತಖೋಲ ಬಂದರಿನ ಹತ್ತಿರ 1 ಕೋಟಿ ರೂಪಾಯಿಯ ಐಸ್ ಪ್ಲಾಂಟ್ ಅಂದುಕೊಳ್ಳಿ. ಸ್ವಂತದ್ದು 40 ಲಕ್ಷ, ಸಾಲ 60 ಲಕ್ಷ. ಇಲ್ಲಿರುವ ದರಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ಹಾಕಿಕೊಳ್ಳಿ.

1. ಸಾಲದ ವೆಚ್ಚ. ಬಡ್ಡಿ 11%, ತೆರಿಗೆ 25% ಆದರೆ ನಿಜವಾದ ಖರ್ಚು 8.25%. ಲಾಭ ಇದ್ದರೆ ಮಾತ್ರ ಈ ತೆರಿಗೆ ಉಳಿತಾಯ ಸಿಗುತ್ತದೆ. ಶಿರಸಿ ಕಡೆಯ ಅಡಿಕೆ ತೋಟ ಅಡ ಇಟ್ಟು ಕಡಿಮೆ ಬಡ್ಡಿಗೆ ಸಾಲ ಸಿಕ್ಕಿದ್ದರೆ ಆ ದರ ಬಳಸಲೇಬೇಡಿ. ಅದು ತೋಟದ ಭದ್ರತೆಗೆ ಕೊಟ್ಟ ದರ, ಪ್ಲಾಂಟಿನ ಅಪಾಯಕ್ಕಲ್ಲ. ತೋಟ ಇಲ್ಲದಿದ್ದರೆ ಎಷ್ಟಕ್ಕೆ ಕೊಡುತ್ತಿದ್ದಿರಿ ಅಂತ ಮ್ಯಾನೇಜರ್ ಅವರನ್ನು ಕೇಳಿ, ಅದನ್ನು ಹಾಕಿ.

2. ಸ್ವಂತ ದುಡ್ಡಿನ ವೆಚ್ಚ. ಕಷ್ಟದ ಹಂತ ಇದು, ನಿಧಾನವಾಗಿ ಓದಿ. ಸರ್ಕಾರಿ ಬಾಂಡಿನಲ್ಲಿ ಹಾಕಿದ್ದರೆ ಸುಮಾರು 7% ಬರುತ್ತಿತ್ತು ಅಂತಿಟ್ಟುಕೊಳ್ಳಿ. ಷೇರಿನ ಅಪಾಯ ಹೊರುವವರು ಅದರ ಮೇಲೆ ಇನ್ನಷ್ಟು ಕೇಳುತ್ತಾರೆ. ಆ ಹೆಚ್ಚುವರಿಯೇ ಈಕ್ವಿಟಿ ರಿಸ್ಕ್ ಪ್ರೀಮಿಯಂ, 6% ಅನ್ನೋಣ. ಹಿಂದಿನ ಒಂದು ವರ್ಷ ಷೇರುಪೇಟೆ ಎಷ್ಟು ಏರಿತು ಅಂತ ನೋಡಿ ಇದನ್ನು ತೆಗೆಯಬೇಡಿ. ಆ ಅಂಕಿ ವರ್ಷ ವರ್ಷ ಕುಣಿಯುತ್ತದೆ.

ಮುಂದೆ ಬೀಟಾ, ಅಂದರೆ ಪೇಟೆ ಅಲುಗಾಡಿದಾಗ ಈ ವ್ಯವಹಾರ ಎಷ್ಟು ಅಲುಗಾಡುತ್ತದೆ ಎಂಬ ಅಳತೆ. ಇಂಥದ್ದೇ ಕೆಲಸದ ಲಿಸ್ಟೆಡ್ ಕಂಪನಿಗಳ ಬೀಟಾದಿಂದ ಅವುಗಳ ಸಾಲದ ಪ್ರಭಾವ ತೆಗೆದಾಗ 0.8 ಬಂತು ಅನ್ನಿ. ಬಹಳ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ನಿಮ್ಮ ಸಾಲ ಜಾಸ್ತಿ ಅಲ್ವಾ? ಬಡ್ಡಿ ಮೊದಲು ಹೋಗುತ್ತದೆ, ಏರಿಳಿತವೆಲ್ಲ ಉಳಿದ ಪಾಲಿನ ಮೇಲೆ ಬೀಳುತ್ತದೆ. ಹಾಗಾಗಿ ನಿಮ್ಮ ಸಾಲವನ್ನು ಸೇರಿಸಿ, ಇಲ್ಲಿ 0.75 ಅಂದರೆ 25% ತೆರಿಗೆ ಕಳೆದು ಉಳಿದ ಪಾಲು:

```
0.8 × (1 + 0.75 × 60/40) = 1.7
7 + 1.7 × 6 = 17.2
```

ಅಂದರೆ ನಿಮ್ಮ 40 ಲಕ್ಷ ವರ್ಷಕ್ಕೆ 17.2% ದುಡಿಯಬೇಕು.

3. ಎರಡನ್ನೂ ಸೇರಿಸಿ.

```
0.40 × 17.2 + 0.60 × 8.25 = 11.83
```

ನಾನಂತೂ ಇದನ್ನು 12% ಅಂತ ಹಿಡಿಯುತ್ತೇನೆ. ಒಳಗಿನ ಅಂಕಿಗಳೇ ಅಂದಾಜು ಇರುವಾಗ ದಶಾಂಶಕ್ಕೆ ಜೋತುಬೀಳಬಾರದು. 5 ವರ್ಷದ ನಂತರ ಬರುವ 10 ಲಕ್ಷಕ್ಕೆ ಈ ದರದಲ್ಲಿ ಇಂದಿನ ಬೆಲೆ 5.67 ಲಕ್ಷ. ಬರೀ ಸಾಲದ 8.25% ಹಾಕಿದರೆ 6.73 ಲಕ್ಷ ತೋರಿಸುತ್ತದೆ. ನಷ್ಟದ ಪ್ಲಾಂಟ್ ಕಾಗದದ ಮೇಲೆ ಲಾಭದ್ದಾಗುವುದು ಈ ವ್ಯತ್ಯಾಸದಿಂದಲೇ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಐಸ್ ಬೇಡಿಕೆ ಕುಸಿಯುತ್ತದೆ. ಅದಕ್ಕಾಗಿ ಸುಮ್ನೆ 2-3% ದರ ಏರಿಸುವವರಿದ್ದಾರೆ. ಹಾಗೆ ಮಾಡಬೇಡಿ. ಪ್ರತಿ ವರ್ಷ ಬರುತ್ತದೆ ಅಂತ ಗೊತ್ತೇ ಇರುವ 61 ದಿನಗಳ ನಷ್ಟವನ್ನು ಆದಾಯದ ಅಂದಾಜಿನಲ್ಲೇ ಕಳೆಯಿರಿ. ದರದಲ್ಲೂ ಸೇರಿಸಿದರೆ ಒಂದೇ ನಷ್ಟಕ್ಕೆ ಎರಡು ಸಲ ಕತ್ತರಿ ಹಾಕಿದಂತಾಗುತ್ತದೆ.