ದೇವರ ಜಗಲಿಗೆ ಮಡಚುವ ಹಲಗೆ: ನನ್ನ ಅನುಭವ

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮದು ಹಳೆಯ ಕಲ್ಲಿನ ಮನೆ. ದೇವರಿಗೆ ಗೋಡೆಯ ಮೇಲೆ ಸಣ್ಣ ಪೆಟ್ಟಿಗೆ ಕೂಡಿಸಿ, ತಟ್ಟೆ, ದೀಪ, ನೀರಿನ ತಂಬಿಗೆ ಇಡಲು ಅದರ ಕೆಳಗೆ ಮಡಚುವ ಹಲಗೆ ಹಾಕಿದೆ. ದೇವರು ಪೆಟ್ಟಿಗೆಯಲ್ಲೇ ಇರುತ್ತಾರೆ, ಮಡಚುವುದು ಹಲಗೆ ಮಾತ್ರ.

ಮೊದಲು ಅಂಗಡಿಯಿಂದ ತಂದ ಕಬ್ಬಿಣದ ಮಡಚು ಬ್ರಾಕೆಟ್ ಹಾಕಿದ್ದೆ. ಎರಡೇ ವಾರಕ್ಕೆ ಅವ್ವ ಕರೆದಳು: "ತಮ್ಮಾ, ಇದು ಅಳ್ಳಾಡ್ಲತ್ತದ ನೋಡು." ಬ್ರಾಕೆಟಿನ ತಲೆ ಗೋಡೆ ಬಿಟ್ಟು ಒಂದು ಪೋಸ್ಟ್ ಕಾರ್ಡ್ ತೂರುವಷ್ಟು ಮುಂದೆ ಬಂದಿತ್ತು. ಕೆಳಗೆ ನೆಲದ ಮೇಲೆ ಕಂದು ಪುಡಿ. ಪೂಜೆ ಮುಗಿಸಿ ಏಳುವಾಗ ಅವ್ವ ಹಲಗೆಯ ತುದಿಗೆ ಕೈಯೂರುತ್ತಾಳೆ. ಆ ಭಾರ ನನ್ನ ಲೆಕ್ಕದಲ್ಲೇ ಇರಲಿಲ್ಲ.

ಕೂತು ಲೆಕ್ಕ ಹಾಕಿದೆ. 2 ಅಡಿ ಉದ್ದ, 15 ಇಂಚು ಅಗಲದ 18 ಮಿ.ಮೀ. ಪ್ಲೈವುಡ್ 3 ಕೆಜಿ, ಸಾಮಾನು 5 ಕೆಜಿ. ಈ 8 ಕೆಜಿ ಗೋಡೆಯಿಂದ 19 ಸೆಂ.ಮೀ. ದೂರದಲ್ಲಿ ಭಾರ ಹಾಕುತ್ತದೆ. ಅವ್ವನ ಕೈಭಾರ 20 ಕೆಜಿ ಎಂದು ಹಿಡಿದರೆ ಅದು 38 ಸೆಂ.ಮೀ. ದೂರದಲ್ಲಿ. ತೂಕವನ್ನು ದೂರದಿಂದ ಗುಣಿಸಿ ಕೂಡಿಸಿದರೆ 912. ಬ್ರಾಕೆಟಿನ ಗೋಡೆಗೆ ಕೂಡುವ ಕಾಲು 15 ಸೆಂ.ಮೀ. ಇದ್ದರೆ, ಇದನ್ನು 15ರಿಂದ ಭಾಗಿಸಿದಾಗ ಮೇಲಿನ ಸ್ಕ್ರೂಗಳ ಮೇಲೆ ಒಟ್ಟು ಸುಮಾರು 60 ಕೆಜಿ ಎಳೆತ. ಕಾಲು 30 ಸೆಂ.ಮೀ. ಆದರೆ ಎಳೆತ 30ಕ್ಕೆ ಇಳಿಯುತ್ತದೆ. ದಪ್ಪ ಕಬ್ಬಿಣಕ್ಕಿಂತ ಉದ್ದದ ಕಾಲು ಮುಖ್ಯ.

ಹಾಗಾಗಿ ಸಾಗವಾನಿಯ ಎರಡು ತ್ರಿಕೋನ ಮಾಡಿಸಿ, 3 ಇಂಚಿನ ಕಬ್ಜಾ ಎರಡೆರಡು ಹಾಕಿ, ಬಾಗಿಲಿನಂತೆ ತೆರೆದು ಹಲಗೆಯ ಕೆಳಗೆ ಬರುವಂತೆ ಗೋಡೆಯ ಉದ್ದ ಪಟ್ಟಿಗಳಿಗೆ ಕೂಡಿಸಿದೆ. ಹಲಗೆಗೆ ಹಿಂಬದಿಯುದ್ದಕ್ಕೂ ಪಿಯಾನೋ ಕಬ್ಜಾ. ಅದರ ಸ್ಕ್ರೂ ಪ್ಲೈವುಡ್ಡಿನ ಅಂಚಿಗೆ ಹೊಡೆದರೆ ಪದರ ಸೀಳುತ್ತದೆ, ಅದಕ್ಕೇ ಕೆಳಮೈಗೆ ಹೊಡೆದೆ. ಇನ್ನೊಂದು ರೆಕ್ಕೆ 2 ಇಂಚು ದಪ್ಪದ ಅಡ್ಡಪಟ್ಟಿಗೆ. ಅಷ್ಟು ದಪ್ಪವಿಲ್ಲದಿದ್ದರೆ ಹಲಗೆ ಇಳಿಬಿಟ್ಟಾಗ ಮಡಚಿದ ತ್ರಿಕೋನಗಳಿಗೆ ತಾಗಿ ಓರೆಯಾಗಿ ನಿಲ್ಲುತ್ತದೆ.

ನಮ್ಮ ಕಡೆಯ ಹಳೆ ಗೋಡೆಯಲ್ಲಿ ತೂತು ಕೊರೆಯುವುದೇ ದೊಡ್ಡ ಕೆಲಸ. ಕಲ್ಲಿಗೆ ಬಿದ್ದರೆ ಡ್ರಿಲ್ ತಡೆದು ತಡೆದು ಹೋಗುತ್ತದೆ, ಪುಡಿ ಬಿಳಿ ಬೂದಿಯಂತೆ ಉದುರುತ್ತದೆ. ಮಣ್ಣಿನ ಸಂದಿಗೆ ಬಿದ್ದರೆ ಬಿಟ್ ಸರ್ರನೆ ಒಳಗಿಳಿದು ಕಂದು ಪುಡಿ ಬರುತ್ತದೆ. ಅಲ್ಲಿ ಎಷ್ಟು ದಪ್ಪ ಪ್ಲಗ್ ಹಾಕಿದರೂ ಹಿಡಿಯದು. ಮೊದಲ ಸಲ ನಾನು ಹೊಡೆದದ್ದು ಅಲ್ಲೇ. ಈ ಸಲ ಪಟ್ಟಿಯಲ್ಲಿ ತೂತಿನ ಜಾಗ ಮೊದಲೇ ಗೊತ್ತುಮಾಡದೆ, ಕಲ್ಲು ಸಿಕ್ಕಲ್ಲಿ, ಅದರ ಅಂಚಿನಿಂದ 2 ಇಂಚು ಒಳಗೆ ಕೊರೆದೆ. ಗಿಲಾವಿನ ದಪ್ಪ ಲೆಕ್ಕಕ್ಕಿಲ್ಲ, ಪ್ಲಗ್ ಪೂರ್ತಿ ಕಲ್ಲಿನೊಳಗೆ ಇರಬೇಕು.

ನೀರು ತುಂಬಿದ 20 ಲೀಟರ್ ಕ್ಯಾನನ್ನು ಹಲಗೆಯ ಮುಂದಿನ ಅಂಚಿಗೆ ಹಗ್ಗದಿಂದ ಇಳಿಬಿಟ್ಟು, ಪಟ್ಟಿಯ ಸುತ್ತ ಪೆನ್ಸಿಲ್ ಗೆರೆ ಎಳೆದು ಮಲಗಿದೆ. ಬೆಳಿಗ್ಗೆ ಗೆರೆ ಸರಿದಿರಲಿಲ್ಲ, ಪಟ್ಟಿಯ ಹಿಂದೆ ಪೋಸ್ಟ್ ಕಾರ್ಡ್ ತೂರಲಿಲ್ಲ. ಆಮೇಲೆ ಅವ್ವನಿಗೆ ದೀಪ ಹಚ್ಚಲು ಹೇಳಿದೆ.