ಪಿಒ ನಂಬರ್ ಇಲ್ಲ ಅಂತ ಬಿಲ್ ವಾಪಸ್ ಬಂದ್ರೆ

ನಮಸ್ಕಾರ್ರಿ. ಸೇಡಂ ಕಡೆಯ ದೊಡ್ಡ ಕಾರ್ಖಾನೆಯೊಂದಕ್ಕೆ ನಮ್ಮಲ್ಲೇ ಹೊಲಿದ 200 ಜೋಡಿ ಕೈಗವಸು ಕೊಟ್ಟಿದ್ದೆ. ಆರ್ಡರ್ ಫೋನಿನಲ್ಲೇ ಬಂದಿತ್ತು. ಪಿಒ ನಂಬರ್, ಅಂದ್ರೆ ಅವರ ಲಿಖಿತ ಖರೀದಿ ಆದೇಶದ ನಂಬರ್, ಇಲ್ಲ ಅಂತ ಅವರ ಪೋರ್ಟಲ್ ಬಿಲ್ ತಿರಸ್ಕರಿಸಿತು. ಅಕೌಂಟ್ಸ್‌ಗೆ ಎಷ್ಟು ಬರೆದರೂ ಉಪಯೋಗಿಲ್ರಿ, ಪಿಒ ತೆಗೆಯೋದು ಖರೀದಿ ವಿಭಾಗ. ಆರ್ಡರ್ ಕೊಟ್ಟ ಸಾಹೇಬ್ರಿಗೇ ಮೇಲ್ ಹಾಕಿದೆ:

“ಸರ್, ನಮ್ಮ ಬಿಲ್ 47 ಪಿಒ ನಂಬರ್ ಇಲ್ಲದೆ ವಾಪಸ್ ಬಂದಿದೆ. ಮಾಲು ಜೂನ್ 3ರಂದು ನಿಮ್ಮ ಸ್ಟೋರಿಗೆ ತಲುಪಿದೆ. ಸೀಲ್ ಹಾಕಿದ ಚಲನ್ ಲಗತ್ತಿಸಿದ್ದೇನೆ. ದಯವಿಟ್ಟು ಪಿಒ ನಂಬರ್ ಕಳುಹಿಸಿ, ಅದನ್ನು ಸೇರಿಸಿ ಅದೇ ಬಿಲ್ ಮತ್ತೆ ಹಾಕುತ್ತೇನೆ.”

ಹೊಸ ನಂಬರಿನ ಬಿಲ್ ಮಾಡಬ್ಯಾಡ್ರಿ, ಜಿಎಸ್‌ಟಿಯಲ್ಲಿ ಒಂದೇ ಮಾರಾಟ ಎರಡಾಗಿ ಕಾಣ್ತದ. ಸೀಲಿನ ತಾರೀಖು ಮಾತ್ರ ತಪ್ಪದೆ ಬರೀರಿ. ಉದ್ಯಮ್ ನೋಂದಣಿ ಇರುವ ನಮ್ಮಂಥ ಸಣ್ಣ ತಯಾರಕರಿಗೆ ಹಣ ಕೊಡಲು ಇರುವ ಗರಿಷ್ಠ 45 ದಿನದ ಲೆಕ್ಕ ಮಾಲು ಒಪ್ಪಿಕೊಂಡ ದಿನದಿಂದ, ಪೋರ್ಟಲ್ ಬಿಲ್ ಒಪ್ಪಿದ ದಿನದಿಂದ ಅಲ್ಲ.